ಕೇಳಿಸುತ್ತೆ, ಅರ್ಥ ಆಗಲ್ಲ

ಊಟಕ್ಕೆ ಬಡಿಸುತ್ತಾ ಅಮ್ಮ 'ಸಾರು ಸಪ್ಪೆಯಾ?' ಎಂದು ಕೇಳಿದಳು. ಅಪ್ಪ ತಲೆ ಎತ್ತಿ, 'ತಪ್ಪು ಯಾರದ್ದಾದರೇನು, ಬಿಡು' ಎಂದರು. ನಾವೆಲ್ಲ ನಕ್ಕೆವು, ಅಪ್ಪನೂ ನಕ್ಕರು. ಆಮೇಲೆ ಊಟ ಮುಗಿಯುವವರೆಗೆ ಅವರು ಒಂದು ಮಾತೂ ಆಡಲಿಲ್ಲ. ಮೂವತ್ತಾರು ವರ್ಷ ಪಾಠ ಹೇಳಿದ ಮೇಷ್ಟ್ರು, ಮಕ್ಕಳು ಹಿಂದಿನ ಬೆಂಚಿನಲ್ಲಿ ಪಿಸುಗುಟ್ಟಿದ್ದನ್ನೂ ಹಿಡಿಯುತ್ತಿದ್ದವರು, ಈಗ ಮಾತಿಗೆ ಮೊದಲೇ ಸುಮ್ಮನಾಗುವುದನ್ನು ರೂಢಿಸಿಕೊಂಡಿದ್ದರು.

ಮನೆಯಲ್ಲಿ ಹಿಯರಿಂಗ್ ಏಡ್ ಇರಲಿಲ್ಲ ಎಂದಲ್ಲ. ಎರಡು ವರ್ಷದ ಹಿಂದೆ ಪೇಟೆಯ ಅಂಗಡಿಯೊಂದರಲ್ಲಿ 92,000 ರೂಪಾಯಿ ಕೊಟ್ಟು ಜೋಡಿ ತಂದಿದ್ದೆವು. ಮೂರನೇ ತಿಂಗಳಿಗೆ ಅದು ಬೀರು ಸೇರಿತು. 'ಕೇಳಿಸುತ್ತೆ ಮಗಾ, ಅರ್ಥ ಆಗಲ್ಲ. ಪಾತ್ರೆ ಸದ್ದು ಮಾತ್ರ ತಲೆಗೆ ಹೊಡೆಯುತ್ತೆ' ಎನ್ನುತ್ತಿದ್ದರು. ಅವರ ಹಟವೆಂದು ನಾನು ರೇಗಿದ್ದೂ ಉಂಟು. ಆಮೇಲೆ ಖಾಸಗಿ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆ. ಬಲಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಮಾಡಬಹುದು, ಸಾಧನಕ್ಕೆ ಆರೂವರೆ ಲಕ್ಷ, ಶಸ್ತ್ರಚಿಕಿತ್ಸೆಗೂ ಆಸ್ಪತ್ರೆಗೂ ಒಂದೂವರೆ ಲಕ್ಷ ಎಂದರು. ಅಪ್ಪನ ಠೇವಣಿಯಲ್ಲಿ ಇದ್ದದ್ದು ಒಂಬತ್ತು ಲಕ್ಷ. ಅದನ್ನು ಮುರಿಸುವ ಮೊದಲು ಇನ್ನೊಬ್ಬರ ಮಾತು ಕೇಳೋಣವೆಂದು ಸಾಗರದಿಂದ ಮೈಸೂರಿಗೆ ಬಂದೆವು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಚೀಟಿ ಮಾಡಿಸಿದೆವು.

ಅಲ್ಲಿ ಎರಡು ಬಗೆಯ ಪರೀಕ್ಷೆ ಆಯಿತು. ಮೊದಲನೆಯದು ನಮಗೆ ಗೊತ್ತಿದ್ದದ್ದೇ. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಬೀಪ್ ಕೇಳಿದಾಗ ಕೈ ಎತ್ತಿಸುತ್ತಾರೆ. ಎಷ್ಟು ಜೋರಾದರೆ ಕೇಳುತ್ತದೆ ಎಂಬುದನ್ನು ಆಡಿಯೋಗ್ರಾಂ ಡೆಸಿಬಲ್‌ನಲ್ಲಿ ತೋರಿಸುತ್ತದೆ. ಅಪ್ಪನ ಎಡಗಿವಿ 65, ಬಲಗಿವಿ 85. ಎರಡನೆಯ ಪರೀಕ್ಷೆಯನ್ನು ಅಂಗಡಿಯವರು ಮಾಡಿರಲೇ ಇಲ್ಲ. ಆರಾಮವಾಗಿ ಕೇಳುವಷ್ಟು ಜೋರಾಗಿ ಒಂದೊಂದೇ ಪದ ಹೇಳುತ್ತಾರೆ, ಕೇಳಿದ್ದನ್ನು ಹಾಗೇ ತಿರುಗಿ ಹೇಳಬೇಕು. 25 ಪದಗಳಲ್ಲಿ ಎಡಗಿವಿಯಿಂದ ಅಪ್ಪ 18 ಸರಿ ಹೇಳಿದರು, ಅಂದರೆ ಶೇಕಡ 72. ಬಲಗಿವಿಯಿಂದ ಎಂಟು, ಅಂದರೆ ಶೇಕಡ 32.

ಆಡಿಯಾಲಜಿಸ್ಟ್ ಆ ಎರಡು ಅಂಕಿಗಳ ಕೆಳಗೆ ಗೆರೆ ಎಳೆದು ಹೇಳಿದರು: 'ಮೇಷ್ಟ್ರೇ, ಯಂತ್ರ ಸದ್ದನ್ನು ದೊಡ್ಡದು ಮಾಡುತ್ತೆ. ಒಳಕಿವಿಯ ಕೂದಲಕೋಶಗಳು ಹೋಗಿದ್ದರೆ ಪದವನ್ನು ಬಿಡಿಸಿ ಕೊಡೋದು ಅದಕ್ಕೆ ಆಗಲ್ಲ.' ಮಸಿ ಹರಡಿದ ಪುಟಕ್ಕೆ ಎಷ್ಟು ದೊಡ್ಡ ದೀಪ ಹಿಡಿದರೂ ಅಕ್ಷರ ಕಾಣದ ಹಾಗೆ ಎಂದು ಅಪ್ಪ ತಮ್ಮಷ್ಟಕ್ಕೆ ಅರ್ಥ ಮಾಡಿಕೊಂಡರು. ಎರಡು ವರ್ಷದಿಂದ ಅವರು ಹೇಳುತ್ತಿದ್ದ ದೂರು ಮೊದಲ ಬಾರಿಗೆ ಒಂದು ಅಂಕಿಯಾಗಿ ಕಾಗದದ ಮೇಲೆ ಬಂದಿತ್ತು. ನನಗೆ ನಾಚಿಕೆಯಾಯಿತು.

ಹಾಗಾದರೆ ಇಂಪ್ಲಾಂಟೇ ಸರಿಯಲ್ಲವೆ ಎಂದು ಕೇಳಿದೆ. ಅದು ಬೇರೆಯೇ ದಾರಿ. ಹಾಳಾದ ಕೋಶಗಳನ್ನು ದಾಟಿ, ಶಂಖದಂಥ ಒಳಕಿವಿಗೆ ಎಲೆಕ್ಟ್ರೋಡುಗಳ ಸಣ್ಣ ಎಳೆಯೊಂದನ್ನು ಸೇರಿಸಿ ನರಕ್ಕೇ ವಿದ್ಯುತ್ ಸಂಕೇತ ಕೊಡುತ್ತದೆ. ಚಾಲೂ ಮಾಡುವುದು ಗಾಯ ಮಾಗಿದ ಮೇಲೆ, ಕೆಲವು ವಾರಗಳ ನಂತರ. ಮೊದಮೊದಲು ಜನರ ಮಾತು ಯಂತ್ರದ ಕೀಚಲಿನಂತೆ ಕೇಳುವುದೂ ಉಂಟು. ತಿಂಗಳುಗಟ್ಟಲೆ ಕೂತು ಕೇಳುವ ಅಭ್ಯಾಸ ಮಾಡಬೇಕು, ಸಂಕೇತದ ಮಟ್ಟವನ್ನು ಮತ್ತೆ ಮತ್ತೆ ಹೊಂದಿಸಿಕೊಳ್ಳಬೇಕು. ಆ ಕಿವಿಯಲ್ಲಿ ಉಳಿದಿರುವ ಸಹಜ ಶ್ರವಣ ಹೋಗಿಬಿಡಬಹುದು. ಕಿವಿಯ ಹೊರಗೆ ಧರಿಸುವ ಭಾಗವನ್ನು ಕೆಲವು ವರ್ಷಗಳಾದ ಮೇಲೆ ಬದಲಿಸಬೇಕಾಗುತ್ತದೆ. ಅದಕ್ಕೂ ಲಕ್ಷಗಳಲ್ಲೇ ಖರ್ಚು. ಎಂಟು ಲಕ್ಷ ಎಂಬುದು ಕೊನೆಯ ಲೆಕ್ಕವಲ್ಲ, ಮೊದಲ ಕಂತು.

ಕಾಯುವ ಸಾಲಿನಲ್ಲಿ ಗುಂಡ್ಲುಪೇಟೆ ಕಡೆಯ ಒಬ್ಬ ತಾಯಿ ಸಿಕ್ಕಿದ್ದರು. ಮೂರು ವರ್ಷದ ಮಗನಿಗೆ ಇಂಪ್ಲಾಂಟ್ ಆಗಿತ್ತು, ಕೇಂದ್ರದ ಎಡಿಐಪಿ ಯೋಜನೆಯಲ್ಲಿ. ಹುಟ್ಟಿನಿಂದ ಕೇಳದ ಮಕ್ಕಳಿಗೆ ಅಲ್ಲಿ ಐದು ವರ್ಷದ ಮಿತಿ, ಏಕೆಂದರೆ ಮಿದುಳು ಭಾಷೆ ಕಟ್ಟಿಕೊಳ್ಳುವ ಕಾಲ ಅದು. ದಿನವೂ ಮನೆಯಲ್ಲಿ ಮಾತು ಕಲಿಸುವ ಕೆಲಸ ತಾಯಿಯದೇ. ಅಪ್ಪನ ವಯಸ್ಸಿನವರಿಗೆ ಆ ಬಾಗಿಲು ಇಲ್ಲ.

ಅವರಿಗೆ ಆ ಯೋಜನೆಯಲ್ಲಿ ಸಿಗಬಹುದಾದದ್ದು ಹಿಯರಿಂಗ್ ಏಡ್ ಮಾತ್ರ. ಅದಕ್ಕೆ ಶೇಕಡ 40ರ ಅಂಗವೈಕಲ್ಯ ಪ್ರಮಾಣಪತ್ರ ಬೇಕು. ಅಪ್ಪನ ಎರಡೂ ಕಿವಿ 60 ಡೆಸಿಬಲ್ ದಾಟಿದ್ದರಿಂದ ಶಿವಮೊಗ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ಅದು ಸಿಕ್ಕಿತು, ಯುಡಿಐಡಿ ಚೀಟಿಯೂ ಬಂತು. ಆದರೆ ಆದಾಯದ ಮಿತಿ ಇದೆ. ತಿಂಗಳಿಗೆ 22,500 ರೂಪಾಯಿವರೆಗೆ ಪೂರ್ಣ ನೆರವು, 30,000ದವರೆಗೆ ಅರ್ಧ. ಅಪ್ಪನ ಪಿಂಚಣಿ 34,000. ನಮ್ಮ ಆರೋಗ್ಯ ವಿಮೆಯ ಕರಾರಿನಲ್ಲಿ ಹಿಯರಿಂಗ್ ಏಡ್ ಹೊರಗಿಟ್ಟ ಪಟ್ಟಿಯಲ್ಲೇ ಇತ್ತು. ಇಂಪ್ಲಾಂಟ್ ಬಗ್ಗೆ ಬಾಯಿಮಾತಿನಲ್ಲಿ ಹೂಂ ಎಂದವರು, ಬರೆದು ಕೊಡಿ ಎಂದಾಗ ಇಲ್ಲ ಎಂದರು.

ಕೊನೆಗೆ ಬೀರುವಿನ ಯಂತ್ರಗಳೇ ಹೊರಗೆ ಬಂದವು. ಅವನ್ನು ಅಪ್ಪನ ಆಡಿಯೋಗ್ರಾಂಗೆ ಹೊಂದಿಸಿಯೇ ಇರಲಿಲ್ಲ. ಕಿವಿಯ ಅಚ್ಚು ಸಡಿಲವಿತ್ತು, ಕೈ ಹತ್ತಿರ ತಂದರೆ ಶಿಳ್ಳೆ ಹಾಕುತ್ತಿದ್ದದ್ದೇ ಅದರ ಗುರುತು. ಹೊಸ ಅಚ್ಚು ತೆಗೆಸಿ, ಮಟ್ಟ ಹೊಂದಿಸಿದರು. ಎಡಗಿವಿಯಲ್ಲಿ ಫಲ ಬೇಗ ಕಂಡಿತು. ಬಲಗಿವಿಗೂ ಬಿಡದೆ ಹಾಕಿಕೊಳ್ಳಿ ಎಂದರು. ವರ್ಷಗಟ್ಟಲೆ ಸದ್ದೇ ಕಾಣದ ಕಿವಿಗೆ ಮುಂದೆ ಇಂಪ್ಲಾಂಟ್ ಮಾಡಿಸಿದರೂ ಪ್ರಯೋಜನ ಕಡಿಮೆ.

ಮೂರನೆಯ ಸಾಧನಕ್ಕೆ ಕಾಸು ಬೀಳಲಿಲ್ಲ. ಅಪ್ಪನ ಫೋನಿಗೆ ಲೈವ್ ಟ್ರಾನ್ಸ್‌ಕ್ರೈಬ್ ಹಾಕಿ ಭಾಷೆಯನ್ನು ಕನ್ನಡಕ್ಕೆ ಇಟ್ಟೆ. ಎದುರಿನವರು ಆಡಿದ್ದು ಪರದೆಯ ಮೇಲೆ ಅಕ್ಷರವಾಗುತ್ತದೆ. ಬ್ಯಾಂಕಿನಲ್ಲಿ, ಡಾಕ್ಟರ ಮುಂದೆ, ಫೋನನ್ನು ಮಾತಾಡುವವರ ಹತ್ತಿರ ಇಟ್ಟರೆ ಕೆಲಸ ಸಾಗುತ್ತದೆ. ಮದುವೆ ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡಿದಾಗ ಅದು ಬರೀ ತುಂಡು ಪದಗಳನ್ನು ಉದುರಿಸಿತು. ಅಮ್ಮನ ಮನೆಮಾತಂತೂ ಅದಕ್ಕೆ ಹತ್ತಲೇ ಇಲ್ಲ. 'ನಲವತ್ತು ವರ್ಷ ಆದರೂ ನನಗೇ ಪೂರ್ತಿ ಹತ್ತಿಲ್ಲ' ಎಂದರು ಅಪ್ಪ.

ಮೂರು ತಿಂಗಳಾದ ಮೇಲೆ ಎರಡೂ ಯಂತ್ರ ಹಾಕಿಕೊಂಡೇ ಮತ್ತೆ ಪರೀಕ್ಷೆ ಮಾಡಿಸಿದೆವು. ಸದ್ದಿಲ್ಲದ ಕೋಣೆಯಲ್ಲಿ 25ಕ್ಕೆ 20 ಬಂತು. ಯಂತ್ರ ಹಾಕಿಯೂ ಅರ್ಧಕ್ಕಿಂತ ಕೆಳಗೆ ಇಳಿದರೆ ಇಂಪ್ಲಾಂಟ್ ಮಾತು ತೆಗೆಯೋಣ, ಅಲ್ಲಿಯವರೆಗೆ ಆರು ತಿಂಗಳಿಗೊಮ್ಮೆ ಬನ್ನಿ ಎಂದರು. ಠೇವಣಿ ಹಾಗೇ ಇದೆ, ಅದು ಯಾವುದಕ್ಕೆಂದು ಈಗ ಮನೆಯವರಿಗೆಲ್ಲ ಗೊತ್ತು. ಬಲಗಿವಿಯ ಮಟ್ಟಿಗೆ ಕಾಯುವುದರಲ್ಲಿ ನಷ್ಟವಿದೆ ಎಂಬುದೂ ಗೊತ್ತು. ಅಪ್ಪ ಅದನ್ನು ತಿಳಿದೇ ಒಪ್ಪಿದ್ದಾರೆ.

ಮೊನ್ನೆ ಊರಿಗೆ ಹೋದಾಗ ಅಮ್ಮ ಬಡಿಸುತ್ತಿದ್ದಳು. ಹಿಂದಿನಿಂದಲ್ಲ, ಅಪ್ಪನ ಎಡಕ್ಕೆ ಬಂದು, ಮುಖ ಕಾಣುವ ಹಾಗೆ ನಿಂತು, 'ಸಾರು ಸಪ್ಪೆಯಾ?' ಎಂದಳು.

'ಉಪ್ಪು ಸಾಲದು' ಎಂದರು ಅಪ್ಪ.