ಬಿಟ್ಟುಹೋದ ಸಮಾನಧರ್ಮ

ಅಭ್ಯಾಸ ಬೋಧನೆಗೆಂದು ಹೋಗಿದ್ದ ಬಾಳ್ಳುಪೇಟೆಯ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಗೆ ‘ನಮ್ಮೂರಿನ ಮಂಜಿನ ಬೆಳಗು’ ಎಂಬ ವರ್ಣನೆ ಬರೆಯಲು ಕೊಟ್ಟಿದ್ದೆ. ಹೆಚ್ಚಿನ ಪುಸ್ತಕಗಳಲ್ಲಿ ಮಂಜು ಹಾಲಿನಂತಿತ್ತು, ಹನಿ ಮುತ್ತಿನಂತಿತ್ತು, ಭೂತಾಯಿ ಹಸಿರು ಸೀರೆ ಉಟ್ಟಿದ್ದಳು. ಕಾಗುಣಿತ, ವಾಕ್ಯ ಎಲ್ಲ ಸರಿ. ಆದರೆ ಊರಿನ ಹೆಸರು ಅಳಿಸಿದರೆ ಅದು ಯಾವ ಊರಿನ ಬೆಳಗಾದರೂ ಆಗಬಹುದಿತ್ತು.

‘ಹೊಸ ಹೋಲಿಕೆ ಹುಡುಕಿ’ ಎಂದಷ್ಟೇ ಹೇಳಿದರೆ ಮಕ್ಕಳಿಗೆ ದಾರಿ ಕಾಣುವುದಿಲ್ಲ. ನನಗೆ ನೆರವಾದದ್ದು ಅವರು ಆಗಲೇ ಕಲಿತಿದ್ದ ಅಲಂಕಾರ ಪಾಠ. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ನಾಲ್ಕೂ ಇದ್ದರೆ ಪೂರ್ಣೋಪಮೆ. ಯಾವುದಾದರೂ ಬಿಟ್ಟುಹೋಗಿದ್ದರೆ ಲುಪ್ತೋಪಮೆ. ಸವೆದ ಹೋಲಿಕೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗಿರುವುದು ಸಮಾನಧರ್ಮ. ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಹೇಳಬೇಕಾಗಿಲ್ಲ. ಹೇಳಬೇಕಾಗಿಲ್ಲದ ಕಾರಣ ಬರೆಯುವವರು ನೋಡುವುದನ್ನೂ ಬಿಡುತ್ತಾರೆ.

ಮುಂದಿನ ಅವಧಿಯಲ್ಲಿ ಕಪ್ಪುಹಲಗೆಯ ಮೇಲೆ ನಾಲ್ಕು ಅಂಕಣ ಎಳೆದು ‘ಹಾಲಿನಂಥ ಮಂಜು’ ಎಂಬುದನ್ನು ಬಿಡಿಸಿದೆವು. ಸಮಾನಧರ್ಮದ ಅಂಕಣಕ್ಕೆ ‘ಬಿಳುಪು’ ಬಂತು. “ಬೆಳಿಗ್ಗೆ ಶಾಲೆಗೆ ಬರುವಾಗ ಮಂಜು ಬೆಳ್ಳಗಿತ್ತಾ?” ಎಂದು ಕೇಳಿದೆ. “ಇಲ್ಲ ಮಿಸ್, ಬೂದಿ ಬಣ್ಣ” ಎಂದರು. ಹಾಗಾದರೆ ಮಂಜು ಏನು ಮಾಡುತ್ತಿತ್ತು? ಕಾಫಿ ಗಿಡಗಳ ನಡುವಿನಿಂದ ಏಳುತ್ತದೆ, ಮೇಲಕ್ಕೆ ಹೋಗದೆ ಅಲ್ಲೇ ಹರಡಿಕೊಳ್ಳುತ್ತದೆ ಎಂದರು. ಬಿಳುಪನ್ನು ಅಳಿಸಿ ಅದನ್ನೇ ಬರೆದು, ಉಪಮಾನದ ಅಂಕಣವನ್ನು ಖಾಲಿ ಬಿಟ್ಟೆ. ಈ ಗುಣ ಇರುವ ಇನ್ನೊಂದು ವಸ್ತುವನ್ನು ಎಲ್ಲಿ ಕಂಡಿದ್ದೀರಿ ಎಂದಾಗ ಹಿಂದಿನ ಬೆಂಚಿನ ಹುಡುಗಿ, “ಬಚ್ಚಲೊಲೆಗೆ ಹಸಿ ಸೌದೆ ಇಟ್ಟರೆ ಹೊಗೆ ಹಂಗೇ ಮಾಡ್ತದೆ ಮಿಸ್” ಎಂದಳು. ಅಷ್ಟು ಹೊತ್ತೂ ಅವಳು ಮಾತಾಡಿರಲಿಲ್ಲ.

ಹೀಗೆ ಉಪಮಾನಕ್ಕಿಂತ ಮೊದಲು ಸಮಾನಧರ್ಮ ಬರುವುದೇ ಈ ಕ್ರಮದ ತಿರುಳು. ಕ್ರಮ ತಿರುಗುಮುರುಗಾದರೆ ಏನಾಗುತ್ತದೆ ಎಂಬುದೂ ಅದೇ ದಿನ ಕಂಡಿತು. ಊರಿನ ವಸ್ತು ಸಾಕೆಂದುಕೊಂಡ ಒಬ್ಬ ‘ಕಾಫಿ ಬೀಜದಂಥ ಸೂರ್ಯ’ ಎಂದು ಬರೆದ. ಯಾವುದರಲ್ಲಿ ಹೋಲುತ್ತದೆ ಎಂದರೆ ಉತ್ತರವಿಲ್ಲ. ಉಪಮಾನ ಊರಿನದೇ ಆದರೂ ಹೋಲಿಕೆ ನಿಲ್ಲಲಿಲ್ಲ. ಇನ್ನೊಬ್ಬಳು ಕಾಫಿ ಹೂವಿಗೆ ಮಲ್ಲಿಗೆಯನ್ನೇ ಉಳಿಸಿಕೊಂಡಳು. ಸಮಾನಧರ್ಮದಲ್ಲಿ ‘ವಾಸನೆ’ ಎಂದು ಬರೆದಿದ್ದಳು. ಅದು ಹಳೆಯ ಉಪಮಾನವೇ, ಆದರೆ ಮೂಗಿನಿಂದ ಪರೀಕ್ಷಿಸಿದ್ದು. ಅದನ್ನು ತಿದ್ದಲಿಲ್ಲ.

ಈಗ ಪುಸ್ತಕ ತಿದ್ದುವಾಗ ಅಂಚಿನಲ್ಲಿ ‘ಸವಕಲು’ ಎಂದು ಬರೆಯುವುದಿಲ್ಲ. ‘ಯಾವುದರಲ್ಲಿ?’ ಎಂಬ ಒಂದೇ ಪದ ಬರೆದು, ಉತ್ತರಕ್ಕೆ ಎರಡು ಸಾಲು ಜಾಗ ಬಿಡುತ್ತೇನೆ.