ಎರಡು ಬಾಕಿ ಇರಲಿ

ಮುಂಬೈಯ ಜಿಮ್‌ಗಳಲ್ಲಿ ಮತ್ತೆ ಮತ್ತೆ ಕೇಳುವ ಕೂಗು ಒಂದೇ: ‘ಏಕ್ ಔರ್!’ ಬಾರ್ ಇನ್ನು ಮೇಲೇಳುವುದೇ ಇಲ್ಲ ಎನ್ನುವವರೆಗೆ ಎತ್ತಿದರೆ ಮಾತ್ರ ಸೆಟ್ ಲೆಕ್ಕಕ್ಕೆ ಎಂಬ ನಂಬಿಕೆ ಅದರ ಹಿಂದಿದೆ.

ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಸೆಟ್ಟಿನ ಎದುರು ಮೂರು ಅಂಕಿಗಳಿರುತ್ತವೆ. ಎಷ್ಟು ತೂಕ, ಎಷ್ಟು ಸಲ ಎತ್ತಿದೆ, ನಿಲ್ಲಿಸಿದಾಗ ಇನ್ನೆಷ್ಟು ಸಲ ಎತ್ತಬಹುದಿತ್ತು. ಈ ಮೂರನೆಯದಕ್ಕೆ ‘ರೆಪ್ಸ್ ಇನ್ ರಿಸರ್ವ್’ ಎನ್ನುತ್ತಾರೆ. ನನಗೆ ಅದು ‘ಬಾಕಿ’.

ನನ್ನದೇ ಬೆಂಚ್ ಪ್ರೆಸ್ ಲೆಕ್ಕ ನೋಡಿ. 50 ಕಿಲೋ, ಸೆಟ್‌ಗಳ ನಡುವೆ ಎರಡು ನಿಮಿಷ ವಿಶ್ರಾಂತಿ. ಮೂರೂ ಸೆಟ್‌ಗಳನ್ನು ಕೈಸೋಲುವವರೆಗೆ ಮಾಡಿದ ದಿನ 12, 8, 5 ಬಂತು, ಒಟ್ಟು 25. ಎರಡು ಬಾಕಿ ಇಟ್ಟು ಮೊದಲ ಸೆಟ್ಟನ್ನು ಹತ್ತಕ್ಕೇ ನಿಲ್ಲಿಸಿದ ದಿನ 10, 9, 8 ಬಂತು, ಒಟ್ಟು 27. ಕೊನೆಯ ಒಂದೆರಡು ರೆಪ್‌ಗಳು ತರುವ ದಣಿವು ಉಳಿದವುಗಳಿಗಿಂತ ಹೆಚ್ಚು. ಆ ಸಾಲ ಮುಂದಿನ ಸೆಟ್ ತೀರಿಸಬೇಕು. ಹಾಗೆಂದು ಆರೇಳು ಬಾಕಿ ಇದ್ದಾಗಲೇ ನಿಲ್ಲಿಸಿದರೆ ಸ್ನಾಯುವಿಗೆ ಬೇಕಾದಷ್ಟು ಕೆಲಸ ಸಿಗುವುದಿಲ್ಲ. ನಾನು ಒಂದರಿಂದ ಮೂರರೊಳಗೆ ಇರುತ್ತೇನೆ.

ಮುಂದಿನ ಸೆಟ್ಟಿನ ತೂಕವನ್ನೂ ಬಾಕಿಯೇ ಹೇಳುತ್ತದೆ. ಹತ್ತು ರೆಪ್ ಮುಗಿದಾಗ ನಾಲ್ಕು ಬಾಕಿ ಎನಿಸಿದರೆ 2.5 ಕಿಲೋ ಏರಿಸುತ್ತೇನೆ. ನಿದ್ದೆಗೆಟ್ಟು, ಲೋಕಲ್‌ನಲ್ಲಿ ಒಂದೂವರೆ ಗಂಟೆ ನಿಂತು ಬಂದ ದಿನ ಅದೇ ತೂಕಕ್ಕೆ ಬಾಕಿ ಸೊನ್ನೆಯಾದರೆ 5 ಕಿಲೋ ಇಳಿಸುತ್ತೇನೆ. ತೂಕ ಬದಲಾದರೂ ಹಾಕುವ ಶ್ರಮ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಎಷ್ಟು ಬಾಕಿ ಎಂದು ಗೊತ್ತಾಗುವುದು ಹೇಗೆ? ಉರಿ, ಏದುಸಿರು ನಂಬಿಕಸ್ಥ ಗುರುತುಗಳಲ್ಲ. ಇಪ್ಪತ್ತು ಇಪ್ಪತ್ತೈದು ರೆಪ್‌ಗಳ ಸೆಟ್ಟಿನಲ್ಲಿ ಉರಿ ಬೇಗ ಬರುತ್ತದೆ, ಶಕ್ತಿ ಆಗಲೂ ಉಳಿದಿರುತ್ತದೆ. ನೋಡಬೇಕಾದದ್ದು ಬಾರಿನ ವೇಗ. ಪೂರ್ತಿ ಬಲ ಹಾಕಿ ತಳ್ಳುತ್ತಿದ್ದರೂ ಅದು ತಾನಾಗಿ ನಿಧಾನವಾಯಿತೆಂದರೆ ಕೊನೆ ಹತ್ತಿರವಿದೆ. ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರೆ ಇದು ಚೆನ್ನಾಗಿ ಕಾಣುತ್ತದೆ.

ಅಂದಾಜನ್ನು ಆಗಾಗ ಪರೀಕ್ಷಿಸಲೂಬೇಕು. ಕೆಲವು ವಾರಗಳಿಗೊಮ್ಮೆ ಚೆಸ್ಟ್ ಪ್ರೆಸ್ ಮಷೀನಿನ ಕೊನೆಯ ಸೆಟ್ಟಿನಲ್ಲಿ ‘ಇನ್ನೆರಡು ಬಾಕಿ’ ಎಂದು ಮನಸ್ಸಿನಲ್ಲೇ ಹೇಳಿಕೊಂಡು, ನಿಲ್ಲಿಸದೆ ತಳ್ಳುತ್ತಾ ಹೋಗುತ್ತೇನೆ. ನಾಲ್ಕು ಬಂದರೆ ನನ್ನ ‘ಎರಡು’ ನಿಜವಾಗಿ ನಾಲ್ಕು ಎಂದಾಯಿತು. ಬಾರ್‌ಬೆಲ್‌ನಲ್ಲಿ ಈ ಪರೀಕ್ಷೆ ಮಾಡುವುದಾದರೆ ತಲೆಯ ಬಳಿ ಹಿಡಿಯಲು ಒಬ್ಬರು ನಿಂತಿರಲೇಬೇಕು. ಹೊಸಬರ ಅಂದಾಜು ಸಾಮಾನ್ಯವಾಗಿ ಇನ್ನೂ ಹೆಚ್ಚು ತಪ್ಪುತ್ತದೆ, ಅದರಲ್ಲೂ ಕೊನೆ ದೂರವಿದ್ದಾಗ. ಒಮ್ಮೆಯೂ ಕೊನೆ ಮುಟ್ಟದವರಿಗೆ ಅದು ಎಲ್ಲಿದೆ ಎಂದು ತಿಳಿಯುವುದು ಕಷ್ಟ. ಆದ್ದರಿಂದ ‘ಏಕ್ ಔರ್’ಗೂ ಒಂದು ಜಾಗವಿದೆ, ಅದು ಪ್ರತಿ ಸೆಟ್ಟಿನಲ್ಲಲ್ಲ, ಅಳತೆಗೋಲು ಸರಿಮಾಡಿಕೊಳ್ಳುವ ಆ ಒಂದು ಸೆಟ್ಟಿನಲ್ಲಿ.