ಎಷ್ಟು, ಯಾರಿಗೆ, ಯಾತಕ್ಕೆ?

ಪ್ರಬಂಧಕ್ಕೆ ನೆರವು ಬೇಡುವ ವಿದ್ಯಾರ್ಥಿಗಳಲ್ಲಿ ವಿಷಯವನ್ನು ಹೇಳಲು ಮರೆಯುವವರಿಲ್ಲ. ಅಳತೆಯನ್ನು ಹೇಳುವವರು ವಿರಳ. ಅರಿವೆಯನ್ನು ಕೊಟ್ಟು ಮೈಯಳತೆ ಕೊಡದೆ ಹೋದರೆ ಸಿಂಪಿಗನಾದರೂ ಏನು ಮಾಡಬಲ್ಲನು?

ಈಚೆಗೆ ಸೈದಾಪುರದ ನಮ್ಮ ಮನೆಗೆ ಹುಡುಗನೊಬ್ಬನು ಬಂದು, "ಸರ, ಹೈದರಾಬಾದ್ ಕರ್ನಾಟಕ ವಿಮೋಚನೆ ಮ್ಯಾಲ ಪ್ರಬಂಧ ಬರೀಬೇಕ್ರಿ, ಹೇಳಿಕೊಡ್ರಿ" ಎಂದನು. ಎಷ್ಟು ಪದಗಳೆಂದು ಕೇಳಿದೆನು. "ಛಲೋ ಇರಬೇಕ್ರಿ" ಎಂದನು! ಯಾವ ಪರೀಕ್ಷೆಗೆ, ಅಂಕಗಳು ಯಾತಕ್ಕೆ ಎಂಬುದಕ್ಕೆ ಮೌನವೇ ಉತ್ತರವಾಯಿತು.

ವಿಷಯವೇನೋ ಸ್ಪಷ್ಟವಾದುದೇ. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ನಿಜಾಮನ ರಾಜ್ಯವನ್ನು ಹೊಕ್ಕಿತು. 17ರಂದು ನಿಜಾಮನು ಶರಣಾದನು. ಆದರೆ ಈ ಸಂಗತಿಯ ಸುತ್ತ ಎಷ್ಟನ್ನು ಕಟ್ಟಬೇಕೆಂಬುದನ್ನು ಅಳತೆಯೇ ನಿರ್ಣಯಿಸುತ್ತದೆ. ಕೇಂದ್ರದ ನಾಗರಿಕ ಸೇವಾ ಪರೀಕ್ಷೆಯ ಪ್ರಬಂಧ ಪತ್ರಿಕೆಯಲ್ಲಿ ಮೂರು ಗಂಟೆಗಳಲ್ಲಿ ಸಾವಿರದಿಂದ ಸಾವಿರದ ಇನ್ನೂರು ಪದಗಳ ಎರಡು ಪ್ರಬಂಧಗಳನ್ನು ಬರೆಯಬೇಕು. ಅಲ್ಲಿ 1947ರ ಯಥಾಸ್ಥಿತಿ ಒಪ್ಪಂದ, ರಜಾಕಾರರ ಹಾವಳಿ, ಸ್ವಾಮಿ ರಮಾನಂದ ತೀರ್ಥರ ಹೋರಾಟ ಇವೆಲ್ಲಕ್ಕೂ ಎಡೆಯುಂಟು. ಬರೆಯುವವನ ತೀರ್ಮಾನಕ್ಕೂ ಉಂಟು. ನೂರೈವತ್ತು ಪದಗಳಲ್ಲಿ ಇವನ್ನೆಲ್ಲ ತುರುಕಿದರೆ ಉಳಿಯುವುದು ಹೆಸರುಗಳ ಪಟ್ಟಿ ಮಾತ್ರ.

ಮರುದಿನ ಹುಡುಗನು ಪ್ರಶ್ನೆಯ ಚೀಟಿಯನ್ನೇ ತಂದನು: "ವಿಮೋಚನೆಯ ಪರಿಣಾಮಗಳನ್ನು 150 ಪದಗಳಿಗೆ ಮೀರದಂತೆ ವಿವರಿಸಿರಿ." ವಿಷಯಕ್ಕೆ, ಕ್ರಮಕ್ಕೆ, ಭಾಷೆಗೆ ಬೇರೆಬೇರೆ ಅಂಕಗಳೆಂದೂ ಅದರಲ್ಲಿತ್ತು. 'ಪರಿಣಾಮ' ಎಂಬ ಒಂದೇ ಮಾತಿನಿಂದ, ಅವನು ಗಟ್ಟಿಮಾಡಿ ತಂದಿದ್ದ ಕಾರಣಗಳೆಲ್ಲ ಹೊರಗುಳಿದವು. ನಾವು ಕುಳಿತು ಪದಗಳನ್ನು ಹಂಚಿದೆವು: ಘಟನೆಗೆ ಇಪ್ಪತ್ತು, ಮೂರು ಪರಿಣಾಮಗಳಿಗೆ ನೂರಹತ್ತು, ಮುಕ್ತಾಯಕ್ಕೆ ಇಪ್ಪತ್ತು. ಆ ಮೂರು ಇವು: 1949ರಲ್ಲಿ ಜಾಗೀರುಗಳು ರದ್ದಾದದ್ದು, 1956ರ ನವೆಂಬರ್ 1ರಂದು ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡ ಸೀಮೆಯು ಮೈಸೂರು ರಾಜ್ಯವನ್ನು ಸೇರಿದ್ದು, ಹಿಂದುಳಿದುದನ್ನು ಸರಿಪಡಿಸಲು ಸಂವಿಧಾನದಲ್ಲಿ 371ಜೆ ವಿಧಿಯು ಬಂದದ್ದು. ಒಂದೊಂದಕ್ಕೂ ಮೂರುನಾಲ್ಕು ವಾಕ್ಯಗಳಾದವು. ಕ್ರಮವು ಕಾಲಾನುಕ್ರಮವೇ ಆದುದರಿಂದ ಅದಕ್ಕೆ ಬೇರೆ ಶ್ರಮವೇ ಬೇಕಾಗಲಿಲ್ಲ.

ಚೀಟಿಯೂ ಇಲ್ಲದಿದ್ದರೆ? ಪ್ರಶ್ನೆಯ ಕ್ರಿಯಾಪದವನ್ನು ನೋಡಬೇಕು. 'ವಿವರಿಸಿ' ಎಂದರೆ ಸಂಗತಿಗಳನ್ನು ಬಿಡಿಸಿ ಹೇಳುವುದು. 'ವಿಮರ್ಶಿಸಿ' ಎಂದರೆ ಒಪ್ಪು ತಪ್ಪುಗಳನ್ನು ತೂಗುವುದು. ಅಂಕಗಳ ಸಂಖ್ಯೆಯೂ ಉತ್ತರಕ್ಕೆ ಬಿಟ್ಟ ಜಾಗವೂ ಉದ್ದವನ್ನು ಸೂಚಿಸುತ್ತವೆ.

ಇನ್ನೊಂದು ತೊಡಕು ಕನ್ನಡಕ್ಕೇ ಸೇರಿದ್ದು. ನಮ್ಮಲ್ಲಿ 'ಸೇರಿಸಬೇಕಾಗಿದ್ದುದರಿಂದ' ಎಂಬುದು ಒಂದೇ ಪದ. ಇಂಗ್ಲಿಷಿನಲ್ಲಿ ಅದೇ ಅರ್ಥಕ್ಕೆ ಹಲವು ಪದಗಳು ಬೇಕು. ಆದುದರಿಂದ ನೂರೈವತ್ತೆಂಬ ಮಿತಿಯು ಕನ್ನಡದಲ್ಲಿ ಬರೆಯುವವನಿಗೆ ತುಸು ಸಡಿಲವೇ. "ಹಂಗಾದ್ರ ಇನ್ನೊಂದು ವಾಕ್ಯ ಹಿಡಸ್ತದ್ರಿ" ಎಂದು ಹುಡುಗನು ಬೆರಳೆಣಿಸತೊಡಗಿದನು.